ತಿರುಕನ ಕನಸು: ಹಾಡಿನಿಂದ ಮಾತಿಗೆ



ಗುಂಡ್ಲುಪೇಟೆಯ ಮಠವೊಂದರ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಕಳೆದ ವರ್ಷ ನಡೆದ ಸಂಗತಿ ಇದು. ಉಪನ್ಯಾಸ ಮುಗಿದ ಮೇಲೆ ತಾಯಂದಿರು ಮುಪ್ಪಿನ ಷಡಕ್ಷರಿಗಳ ‘ತಿರುಕನ ಕನಸು’ ಹಾಡಿದರು. ಮುಂದಿನ ಸಾಲಿನಲ್ಲಿ ಕುಳಿತ ಶಾಲಾ ಮಕ್ಕಳು ತಾಳ ತಪ್ಪದೆ ಚಪ್ಪಾಳೆ ಹಾಕಿದರು. ಹಾಡು ಮುಗಿದಾಗ ಪೂಜ್ಯರು ಒಬ್ಬ ಹುಡುಗನನ್ನು ಕರೆದು, “ಏನಪ್ಪಾ, ಏನು ಅರ್ಥವಾಯಿತು?” ಎಂದರು. ಹುಡುಗ ಎದ್ದು ನಿಂತು, “ಯಾರದೋ ಕಪ್ಪು ಕೈಗೆ ಹೂವಿನ ಹಾರ ಕೊಟ್ಟರು ಬುದ್ಧಿ” ಎಂದ.

ಸಭೆ ನಕ್ಕಿತು. ಪೂಜ್ಯರು ನಗಲಿಲ್ಲ. ಆ ಪದ್ಯದಲ್ಲಿ ‘ಕರಿ’ ಎಂದರೆ ಆನೆ, ಆನೆಯ ‘ಕೈ’ ಎಂದರೆ ಸೊಂಡಿಲು. ಹಳಗನ್ನಡ ಓದಿದವರಿಗೆ ಇದು ಸಲೀಸು. ಬಂಡೀಪುರದ ಕಾಡಂಚಿನಲ್ಲಿ ಬೆಳೆದು, ವಾರಕ್ಕೊಮ್ಮೆ ರಾಗಿ ಹೊಲದಲ್ಲಿ ಆನೆ ಹೆಜ್ಜೆ ನೋಡುವ ಹುಡುಗನಿಗೆ ಹಾಡಿನೊಳಗಿನ ಆನೆ ಮಾತ್ರ ಕಾಣಲಿಲ್ಲ. ಪೂಜ್ಯರು ನನ್ನ ಕಡೆ ತಿರುಗಿ, “ಎಂಜಿನಿಯರರೇ, ನಿಮ್ಮ ಪತ್ರಿಕೆಯಲ್ಲಿ ಇದನ್ನು ತಿಳಿಗನ್ನಡದಲ್ಲಿ ಬರೆಯಿರಿ. ಆದರೆ ಭಕ್ತಿ ಕೆಡಬಾರದು” ಎಂದು ಅಪ್ಪಣೆ ಕೊಡಿಸಿದರು. ಒಂದು ಸಂಜೆಯ ಕೆಲಸ ಎಂದುಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಈ ಸಂಪಾದಕೀಯದಲ್ಲಿ ಹೇಳಬಯಸುತ್ತೇನೆ. ನಮ್ಮ ಮಠಗಳಲ್ಲಿ ಈಗ ಇಂಥ ಗದ್ಯರೂಪ ಬರೆಯುವವರು ಹೆಚ್ಚುತ್ತಿದ್ದಾರೆ. ನನ್ನ ತಪ್ಪು ಅವರಿಗೆ ದಾರಿಯ ಕಲ್ಲಾಗಲಿ.

ಮೊದಲು ಹಾಡುಗಾರರ ವಿಚಾರ. ಮುಪ್ಪಿನ ಷಡಕ್ಷರಿಗಳು ಸುಮಾರು 1500ರ ಕಾಲದ ಶಿವಯೋಗಿ ಕವಿ. ಅವರ ಹಾಡುಗಳ ಸಂಗ್ರಹಕ್ಕೆ ‘ಸುಬೋಧಸಾರ’ ಎಂದು ಹೆಸರು. ಕೊಳ್ಳೇಗಾಲ ಸೀಮೆಯ ಶಂಭುಲಿಂಗನ ಬೆಟ್ಟದ ಜೊತೆ ಅವರ ಹೆಸರನ್ನು ಸೇರಿಸಿ ಹೇಳುವುದು ನಮ್ಮ ಕಡೆಯ ವಾಡಿಕೆ. ‘ರಾಜಶೇಖರ ವಿಳಾಸ’ ಬರೆದ ಷಡಕ್ಷರದೇವರೂ ಇವರೂ ಒಬ್ಬರೇ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಷಡಕ್ಷರದೇವರು 17ನೆಯ ಶತಮಾನದವರು, ಪಂಡಿತರು ಮೆಚ್ಚುವ ಚಂಪೂ ಬರೆದವರು. ಮುಪ್ಪಿನ ಷಡಕ್ಷರಿಗಳದು ಬಾಯಿಂದ ಬಾಯಿಗೆ ಹೋಗುವ ಹಾಡು. ಈ ವ್ಯತ್ಯಾಸ ಗದ್ಯ ಬರೆಯುವವನಿಗೆ ಮುಖ್ಯ. ಕೇಳಿದ ತಕ್ಷಣ ತಿಳಿಯಲೆಂದು ಕಟ್ಟಿದ ಹಾಡನ್ನು ನಾವು ಗದ್ಯದಲ್ಲಿ ಪಾಂಡಿತ್ಯವಾಗಿ ಮಾಡಿದರೆ ಅದು ಉಲ್ಟಾ ಕೆಲಸ.

ಕಥೆ ನಿಮಗೆಲ್ಲ ಗೊತ್ತು. ಹಾಳು ಧರ್ಮಶಾಲೆಯಲ್ಲಿ ಒರಗಿದ ತಿರುಕನೊಬ್ಬ ಕನಸು ಕಾಣುತ್ತಾನೆ. ಮಕ್ಕಳಿಲ್ಲದೆ ಸತ್ತ ರಾಜನ ಪಟ್ಟಕ್ಕೆ ಯಾರು ಎಂದು ತಿಳಿಯಲು ಆನೆಯ ಸೊಂಡಿಲಿಗೆ ಮಾಲೆ ಕೊಟ್ಟು ಬಿಡುತ್ತಾರೆ. ಅದು ತಿರುಕನ ಕೊರಳಿಗೇ ಹಾಕುತ್ತದೆ. ರಾಜ್ಯ, ಮದುವೆ, ಮಕ್ಕಳು, ಮಕ್ಕಳ ಮದುವೆ ಎಲ್ಲವೂ ಕನಸಿನಲ್ಲೇ ನಡೆದುಹೋಗುತ್ತವೆ. ಶತ್ರುಗಳು ಮುತ್ತಿದಂತಾಗಿ ಬೆದರಿ ಕಣ್ಣು ತೆರೆಯುತ್ತಾನೆ. ಆಮೇಲೆ ಕವಿ ಕಥೆ ಬಿಟ್ಟು ನಮ್ಮ ಕಡೆ ತಿರುಗಿ ಶಿವನನ್ನು ನೆನೆ ಎನ್ನುತ್ತಾರೆ.

ಹಾಡಿನ ಅಳತೆ ಭೋಗ ಷಟ್ಪದಿ. ಮೂರು ಮಾತ್ರೆಯ ಗಣ. ಆರು ಸಾಲಿನಲ್ಲಿ ನಾಲ್ಕು ಚಿಕ್ಕ ಸಾಲು, ಒಂದೊಂದಕ್ಕೆ ನಾಲ್ಕು ಗಣ. ಮೂರನೆಯ ಮತ್ತು ಆರನೆಯ ಸಾಲು ಉದ್ದ: ಆರು ಗಣ, ಕೊನೆಗೊಂದು ಗುರು. ಎರಡು ಸಾಲು ಚುರುಕಾಗಿ ಓಡಿ ಮೂರನೆಯದು ಎಳೆದು ನಿಲ್ಲುತ್ತದೆ. ಈ ಓಟ ಗದ್ಯಕ್ಕೆ ಬರುವುದಿಲ್ಲ, ಬರಿಸಲು ಹೋಗಲೂ ಬಾರದು. ಆದರೆ ಎಲ್ಲಿ ನಿಲ್ಲುತ್ತದೆ ಎಂಬುದು ಗದ್ಯಕ್ಕೆ ಬೇಕು. ನಾನು ತಾಯಂದಿರಿಂದ ಮೂರು ಸಲ ಹಾಡಿಸಿ, ದನಿ ನಿಂತ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದುಕೊಂಡೆ. ಆಮೇಲೆ ಸಂಧಿ ಬಿಡಿಸಿ, ಗೊತ್ತಿಲ್ಲದ ಪದಗಳಿಗೆ ಅರ್ಥ ಬರೆದುಕೊಂಡೆ. ಹಾಡಿದ ಪಾಠಕ್ಕೂ ಅಚ್ಚಾದ ಪಾಠಕ್ಕೂ ಅಲ್ಲಲ್ಲಿ ವ್ಯತ್ಯಾಸವಿತ್ತು. ಒಂದನ್ನು ಹಿಡಿದು ಅದರಂತೆಯೇ ಹೋಗಬೇಕು. ಎರಡನ್ನೂ ಬೆರೆಸಿದರೆ ಯಾರ ಹಾಡೂ ಅಲ್ಲದ ಮೂರನೆಯದು ಹುಟ್ಟುತ್ತದೆ.

ಇಷ್ಟಾದ ಮೇಲೆ ಮೊದಲ ಕರಡು ಬರೆದೆ. ಅದರ ಆರಂಭ ಹೀಗಿತ್ತು:

“ಒಂದು ಊರಿನ ಹೊರವಲಯದಲ್ಲಿ ಶಿಥಿಲಾವಸ್ಥೆಯಲ್ಲಿದ್ದ ಧರ್ಮಶಾಲೆಯಲ್ಲಿ ವಿಶ್ರಮಿಸುತ್ತಿದ್ದ ಭಿಕ್ಷುಕನೊಬ್ಬನಿಗೆ ಕನಸು ಬಿದ್ದಿತು. ಸದರಿ ಊರಿನ ರಾಜನು ನಿಸ್ಸಂತಾನನಾಗಿ ಮರಣ ಹೊಂದಿದ್ದರಿಂದ, ಉತ್ತರಾಧಿಕಾರಿಯ ಆಯ್ಕೆಗಾಗಿ ಆನೆಯನ್ನು ನಿಯೋಜಿಸಲಾಯಿತು.”

ನಗಬೇಡಿ. ಮೂವತ್ತು ವರ್ಷಕ್ಕೂ ಮೇಲೆ ಕಾಲುವೆ, ಸೇತುವೆಗಳ ಪರಿಶೀಲನಾ ವರದಿ ಬರೆದ ಕೈ ಇದು. ಅರ್ಥದಲ್ಲಿ ಒಂದು ತಪ್ಪೂ ಇಲ್ಲ. ಗೋಷ್ಠಿಯಲ್ಲಿ ಹಾಡುವ ತಾಯಿಯೊಬ್ಬರಿಗೆ ಓದಿ ಹೇಳಿದೆ. ಎಪ್ಪತ್ತು ದಾಟಿದವರು, ಅಕ್ಷರ ಕಲಿತವರಲ್ಲ, ಹಾಡು ಪೂರ್ತಿ ಬಾಯಲ್ಲಿದೆ. ಕೊನೆಯವರೆಗೂ ಕೇಳಿ, “ಎಲ್ಲಾ ಸರಿ ಕನಪ್ಪ. ಆದ್ರ ಇದು ಯಾರ್ಗೋ ಆದ ಸುದ್ದಿ ಆಗೋಯ್ತು. ನಂಗಾದ್ದು ಅನ್ನುಸ್ನಿಲ್ಲ” ಎಂದರು.

ಅವರ ಮಾತಿನ ಹಿಂದಿನ ಕಾರಣವನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಪದ. ‘ತಿರುಕ’ನನ್ನು ನಾನು ‘ಭಿಕ್ಷುಕ’ ಮಾಡಿದ್ದೆ. ತಿರಿ ಎಂದರೆ ಬೇಡು. ತಿರುಕ ಇಂದಿಗೂ ನಮ್ಮ ಹಳ್ಳಿಯ ಬಾಯಲ್ಲಿರುವ ಮಾತು. ಅದು ಅರ್ಥವಾಗದ ಪದವೇ ಅಲ್ಲ. ಸರಳ ಮಾಡುತ್ತೇನೆಂದು ಹೊರಟು ಸರಳವಾಗಿದ್ದುದನ್ನು ತೆಗೆದು ಕಚೇರಿಯ ಪದ ಹಾಕಿದ್ದೆ. ‘ಕರಿ’, ‘ಪೊಡವಿ’, ‘ತನುಜ’ ಇಂಥವನ್ನು ಬದಲಿಸಲೇಬೇಕು. ‘ತಿರುಕ’, ‘ಧರ್ಮಶಾಲೆ’, ‘ಪಟ್ಟ’, ‘ಓಲಗ’ ಇವನ್ನು ಮುಟ್ಟಬಾರದು. ಯಾವುದನ್ನು ಬದಲಿಸಬೇಕು ಎಂಬುದಕ್ಕೆ ನಿಘಂಟು ನೋಡಬೇಡಿ. ಒಂದು ಮಗುವನ್ನೂ ಒಬ್ಬ ಅಜ್ಜಿಯನ್ನೂ ಕೇಳಿ. ಇಬ್ಬರಿಗೂ ತಿಳಿಯದ ಪದ ಬದಲಾಗಲಿ, ಒಬ್ಬರಿಗೆ ತಿಳಿದರೂ ಉಳಿಯಲಿ.

ಎರಡನೆಯ ಕರಡಿನಲ್ಲಿ ಮತ್ತೊಂದು ಕಡೆಗೆ ಜಾರಿದೆ. ಭಕ್ತಿ ಕಡಿಮೆಯಾಯಿತು ಎಂದರಲ್ಲ, ಹಾಗಾದರೆ ತುಂಬಿಸೋಣ ಎಂದು ‘ದಿವ್ಯ’, ‘ಪರಮ ಪಾವನ’, ‘ಮಾಯಾಮಯ ಸಂಸಾರಸಾಗರ’ ಎಲ್ಲವನ್ನೂ ಸುರಿದೆ. ತಿರುಕನಿಗೆ ಮಾಲೆ ಬಿದ್ದ ಕಡೆ “ಅಯ್ಯೋ ಮರುಳ ಮಾನವನೇ!” ಎಂದು ಉದ್ಗಾರ ತೆಗೆದೆ. ಓದಿ ನೋಡಿದರೆ ಹಾಡಿನಲ್ಲಿ ಅಂಥ ಉದ್ಗಾರ ಆ ಜಾಗದಲ್ಲಿ ಇಲ್ಲವೇ ಇಲ್ಲ. ಕವಿ ತಿರುಕನನ್ನು ಬೈಯುವುದಿಲ್ಲ, ಹಂಗಿಸುವುದಿಲ್ಲ. ಅವನು ಹಿಗ್ಗಿದರೆ ಹಿಗ್ಗಿದ ಎನ್ನುತ್ತಾರೆ, ಮಕ್ಕಳಾದರೆ ಆದವು ಎನ್ನುತ್ತಾರೆ. ಅವರು ಮಾಡುವುದು ಒಂದೇ: ನಡುನಡುವೆ, ಸಾಲಿನ ಎಳೆದು ನಿಲ್ಲುವ ಜಾಗದಲ್ಲಿ, ‘ಕನಸಿನಲ್ಲಿಯೇ’ ಎಂಬ ಪದವನ್ನು ತಂದಿಡುತ್ತಾರೆ.

ಬಂಧುಗಳೇ, ಈ ಹಾಡಿನ ಭಕ್ತಿ ಇರುವುದು ಆ ಒಂದು ಪದದಲ್ಲಿ ಎಂದು ನನಗೆ ಅನ್ನಿಸಿದೆ. ನಮಗೆ ಮೊದಲಿನಿಂದಲೂ ಗೊತ್ತು ಇದು ಕನಸೆಂದು. ತಿರುಕನಿಗೆ ಗೊತ್ತಿಲ್ಲ. ಕೇಳುತ್ತ ಕೇಳುತ್ತ ನಾವೂ ಮರೆಯುತ್ತೇವೆ: ಮದುವೆ, ಮಗು, ತೊಡೆಯ ಮೇಲೆ ಆಟ. ಮರೆತ ಹೊತ್ತಿಗೆ ಗಂಟೆ ಬಾರಿಸಿದಂತೆ ಆ ಪದ ಬರುತ್ತದೆ. ಗದ್ಯ ಬರೆಯುವವನು ಮಾಡುವ ಮೊದಲ ಕೆಲಸವೇ ಪುನರುಕ್ತಿ ಎಂದು ಅದನ್ನು ಹೊಡೆದು ಹಾಕುವುದು. ಕನಸು ಎಂದು ಆರಂಭದಲ್ಲಿ ಹೇಳಿಯಾಯಿತಲ್ಲ, ಮತ್ತೆ ಯಾಕೆ ಎಂದು ನಾನೂ ಹೊಡೆದಿದ್ದೆ. ಮೂರನೆಯ ಕರಡಿನಲ್ಲಿ ಅದನ್ನು ಮರಳಿ ತಂದೆ. ಉದ್ದ ವಾಕ್ಯದೊಳಗೆ ಹುದುಗಿಸಿದರೆ ಕೇಳಿಸುವುದಿಲ್ಲವಾದ್ದರಿಂದ, ಹಾಡಿನಲ್ಲಿ ದನಿ ನಿಲ್ಲುವ ಕಡೆಯೇ ಅದಕ್ಕೊಂದು ಪುಟ್ಟ ವಾಕ್ಯ ಕೊಟ್ಟೆ. ಈಗ ಆ ಭಾಗ ಹೀಗಿದೆ:

“ಊರ ಮುಂದೆ ಒಂದು ಮುರಿದ ಧರ್ಮಶಾಲೆ. ಅಲ್ಲಿ ಒರಗಿದ್ದ ತಿರುಕನಿಗೆ ಕನಸು ಬಿತ್ತು. ಆ ಊರಿನ ದೊರೆ ಸತ್ತಿದ್ದ, ಅವನಿಗೆ ಗಂಡು ಮಕ್ಕಳಿರಲಿಲ್ಲ. ಆನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಊರೊಳಗೆ ಬಿಟ್ಟರು. ಅದು ಯಾರ ಕೊರಳಿಗೆ ಹಾಕುತ್ತದೋ ಅವರೇ ದೊರೆ. ಆನೆ ನೇರ ಬಂದು ತಿರುಕನ ಕೊರಳಿಗೆ ಹಾಕಿತು. ನಾನು ದೊರೆಯಾದೆ ಎಂದು ಅವನು ಹಿಗ್ಗಿದ. ಪಟ್ಟ ಕಟ್ಟಿದರು. ಅರಸರು ಹೆಣ್ಣು ಕೊಟ್ಟರು. ರಾಜ್ಯ ಆಳಿದ. ಕನಸಿನಲ್ಲೇ. ಗಂಡು ಹೆಣ್ಣು ಮಕ್ಕಳಾದವು. ಅದೂ ಕನಸಿನಲ್ಲೇ.”

ಇದನ್ನು ಕೇಳಿದ ಆ ಹುಡುಗ, “ಆನೆ ಹತ್ರ ಬಂದ್ರೆ ಓಡ್ಬೇಕಲ್ವಾ ತಾತ? ಅವನು ಯಾಕೆ ಓಡಲಿಲ್ಲ?” ಎಂದ. ನನಗೆ ಸಂತೋಷವಾಯಿತು. ಈಗ ಅವನಿಗೆ ಆನೆ ಕಂಡಿದೆ. “ಕನಸಿನಲ್ಲಿ ಯಾರೂ ಓಡುವುದಿಲ್ಲ ಮಗು” ಎಂದು ಹೇಳಿದೆ. ಅದನ್ನು ಗದ್ಯದೊಳಗೆ ಸೇರಿಸಲಿಲ್ಲ. ಅದು ನನ್ನ ಮಾತು, ಹಾಡಿನದಲ್ಲ.

ಸೇರಿಸುವ ಆಸೆಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಸುಧಾರಣೆಯ ಹಾದಿಯಲ್ಲಿರುವ ನಮಗೆ ಅದು ಹೆಚ್ಚು. ಕರಡು ಓದಿದ ಮಿತ್ರರೊಬ್ಬರು ಎರಡು ತಿದ್ದುಪಡಿ ಸೂಚಿಸಿದರು. ಒಂದು: ಬೇಡಿ ತಿನ್ನುವುದು ಶರಣ ಧರ್ಮಕ್ಕೆ ಒಪ್ಪುವುದಿಲ್ಲ, ಆದ್ದರಿಂದ ಕೊನೆಯಲ್ಲಿ ತಿರುಕ ಕಾಯಕಕ್ಕೆ ಹೊರಟ ಎಂದು ಬರೆಯಿರಿ. ಎರಡು: ಅರಸರು ಹೆಣ್ಣು ಕೊಟ್ಟರು ಎಂಬುದನ್ನೂ, ಮುಂದೆ ಬರುವ ಹೆಣ್ಣಿನ ಮದದ ಮಾತನ್ನೂ ಬಿಟ್ಟುಬಿಡಿ, ಇಂದಿನ ತಾಯಂದಿರಿಗೆ ಹಿಡಿಸುವುದಿಲ್ಲ.

ಇಬ್ಬರೂ ಒಂದೇ ಬಸವಣ್ಣನ ಮಕ್ಕಳು, ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಿಲ್ಲ. ಕಾಯಕ ನಮ್ಮ ಸಿದ್ಧಾಂತದ ಬುನಾದಿ, ನಿಜ. ಈ ಹಾಡಿನಲ್ಲಿ ಅದು ಇಲ್ಲ. ಇಲ್ಲದ್ದನ್ನು ಇದೆ ಎಂದು ಬರೆದರೆ, ಮುಂದೆ ಮೂಲ ಓದುವ ಮಗು ನಾವು ಹೇಳುವ ಬೇರೆ ಮಾತುಗಳನ್ನೂ ಅನುಮಾನಿಸುತ್ತದೆ. ವಚನಗಳಿಗೆ ಯಾರಾದರೂ ಸಾಲು ಸೇರಿಸಿದರೆ, ಅಂಕಿತ ಬದಲಿಸಿದರೆ ನಾವು ಎಷ್ಟು ನೋಯುತ್ತೇವೆ! ಅದೇ ನ್ಯಾಯ ನಮ್ಮ ಕೈಗೂ ಅನ್ವಯಿಸಬೇಕು.

ಎರಡನೆಯ ಸೂಚನೆ ಇನ್ನೂ ಸೂಕ್ಷ್ಮ. ಕನಸು ಮುರಿಯುವ ಮುಂಚೆ ಕವಿ ನಾಲ್ಕು ಮದಗಳನ್ನು ಹೆಸರಿಸುತ್ತಾರೆ: ಹಣದ್ದು, ರಾಜ್ಯದ್ದು, ಮಕ್ಕಳದ್ದು, ಹೆಣ್ಣಿನದ್ದು. ಹೆಣ್ಣನ್ನು ಅರಸರು ಕೊಡುವ ವಸ್ತುವೆಂದು ತಿರುಕ ಕನಸಿನಲ್ಲಿ ಕಂಡದ್ದು ಅವನ ಕುರುಡಿನ ಪಟ್ಟಿಯಲ್ಲೇ ಇದೆ. ಹಾಡು ಅದನ್ನು ಹೊಗಳುತ್ತಿಲ್ಲ. ಬಿಟ್ಟರೆ ನಾವು ಕವಿಯ ತಕ್ಕಡಿಯಿಂದ ಒಂದು ಕಲ್ಲನ್ನು ಕದ್ದಂತೆ. ಬೇಕಾದರೆ ಗದ್ಯದ ಕೆಳಗೆ ಗೆರೆ ಎಳೆದು, ಇದು ಸಂಪಾದಕರ ಮಾತು ಎಂದು ಹೇಳಿ, ಆ ಕಾಲ ಹೆಣ್ಣನ್ನು ನೋಡಿದ ರೀತಿಯನ್ನು ಚರ್ಚಿಸಬಹುದು. ಗೆರೆಯ ಮೇಲೆ ಕವಿ, ಕೆಳಗೆ ನಾವು.

ಆ ‘ಮದ’ ಎಂಬ ಪದವನ್ನೂ ನಾನು ಮೊದಲು ‘ಅಹಂಕಾರ’ ಎಂದು ಬದಲಿಸಿದ್ದೆ. ಅಹಂಕಾರ ಮನುಷ್ಯನೇ ಮಾಡುವುದು, ಮದ ಅವನಿಗೆ ಏರುವುದು. ಮದವೇರಿದ ಆನೆ ಎಂದರೆ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ: ಅದಕ್ಕೆ ಕಣ್ಣೆದುರಿನದು ಕಾಣುವುದಿಲ್ಲ. ಪದವನ್ನು ಹಾಗೆಯೇ ಇಟ್ಟೆ. ನಾಲ್ಕು ಸಲ ಬರುವುದನ್ನು ನಾಲ್ಕು ಸಲವೇ ಬರೆದೆ. “ಹಣ, ರಾಜ್ಯ ಮುಂತಾದವುಗಳ ಮದ” ಎಂದು ಒಟ್ಟುಗೂಡಿಸಿದರೆ ಅದು ಏರುವ ಮೆಟ್ಟಿಲು ಕಾಣದಾಗುತ್ತದೆ.

ಇನ್ನು ಕೊನೆ. ನನಗೆ ಅತಿ ಹೆಚ್ಚು ಸಮಯ ಹಿಡಿದದ್ದು ಇಲ್ಲಿಯೇ. ಶಾಲೆಯಲ್ಲಿ ಈ ಹಾಡು ಕಲಿತವರನ್ನು ಕೊನೆಯಲ್ಲಿ ಏನಾಗುತ್ತದೆ ಎಂದು ಕೇಳಿ ನೋಡಿ. “ಕನಸೆಂದು ತಿಳಿದು ದುಃಖಪಟ್ಟ” ಎನ್ನುತ್ತಾರೆ. ನಾನೂ ಹಾಗೆಯೇ ಬರೆದಿದ್ದೆ. ಹಾಡು ಹೇಳುವುದು ದುಃಖವನ್ನಷ್ಟೇ ಅಲ್ಲ, ನಾಚಿಕೆಯನ್ನು. ಮೆರೆದ ಭಾಗ್ಯ ಹೋಯಿತಲ್ಲ ಎಂದು, ಮತ್ತೆ ತಿರಿಯಲು ಅವನು ನಾಚುತ್ತಾನೆ. ಯೋಚಿಸಿ: ಅವನು ಕಳೆದುಕೊಂಡದ್ದು ಏನೂ ಇಲ್ಲ. ಮಲಗುವ ಮುಂಚೆ ಏನಿತ್ತೋ ಎದ್ದಾಗಲೂ ಅದೇ ಇದೆ. ಆದರೆ ನಿನ್ನೆ ಸಲೀಸಾಗಿ ಚಾಚುತ್ತಿದ್ದ ಕೈ ಇಂದು ಮೇಲೇಳುವುದಿಲ್ಲ. ಇಲ್ಲದ ಪಟ್ಟ ಇದ್ದ ಬದುಕನ್ನೂ ಕೆಡಿಸಿಬಿಟ್ಟಿತು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಿವೃತ್ತಿಯ ದಿನ ನನ್ನ ಕೊರಳಿಗೂ ಮಾಲೆಗಳು ಬಿದ್ದವು. ಆನೆಯೊಂದಿರಲಿಲ್ಲ, ಅಷ್ಟೇ. ಜೀಪಿನಲ್ಲಿ ಮನೆಗೆ ಬಿಟ್ಟರು. ಮರುವಾರ ಒಂದು ಕಚೇರಿಯ ಕಿಟಕಿಯ ಮುಂದೆ ಪಿಂಚಣಿ ಕಾಗದ ಹಿಡಿದು ಸಾಲಿನಲ್ಲಿ ನಿಂತಾಗ, ಹಿಂದೆ ನನ್ನ ಕೈಕೆಳಗಿದ್ದ ಗುಮಾಸ್ತರೊಬ್ಬರು ಎದುರು ಬಂದರು. ನಾನು ಮುಖ ತಿರುಗಿಸಿಕೊಂಡೆ. ಸಾಲಿನಲ್ಲಿ ನಿಲ್ಲುವುದರಲ್ಲಿ ಅವಮಾನ ಏನಿದೆ? ನನ್ನ ತಂದೆ ಜೀವನವೆಲ್ಲ ರೇಷನ್ ಅಂಗಡಿಯ ಮುಂದೆ ನಿಂತವರು. ಆ ಹೊತ್ತಿನ ನನ್ನ ನಾಚಿಕೆ ತಿರುಕನದೇ. ಹಾಡನ್ನು ಬಾಲ್ಯದಿಂದ ಹಾಡಿದ್ದೆ, ಅಂದು ಅದು ನನಗೆ ಎದುರಾಯಿತು.

ಆದ್ದರಿಂದ ಕೊನೆಯನ್ನು ಹೀಗೆ ಬರೆದೆ: “ಹಗೆಗಳ ದಂಡು ಬಂದು ಮನೆಯನ್ನು ಮುತ್ತಿದ ಹಾಗಾಯಿತು. ಹೆದರಿ ಕಣ್ಣು ತೆರೆದ. ಅದೇ ಗೋಡೆ, ಅದೇ ಹರಕು ಕಂಬಳಿ. ಇಷ್ಟೊತ್ತು ಮೆರೆದದ್ದೆಲ್ಲ ಹೋಯಿತಲ್ಲ ಎಂದುಕೊಂಡ. ಮತ್ತೆ ಊರೊಳಗೆ ಹೋಗಿ ಬೇಡಲು ತಿರುಕನಿಗೆ ನಾಚಿಕೆಯಾಯಿತು.”

ತಾಯಿಯ ಮುಂದೆ ಮತ್ತೆ ಓದಿದೆ. ಕಣ್ಣು ಒರೆಸಿಕೊಂಡರು. ಗೆದ್ದೆ ಎಂದುಕೊಂಡೆ. ಆಮೇಲೆ ಕೇಳಿದರು: “ಕಂಬಳಿ ಎಲ್ಲಿಂದ ಬಂತಪ್ಪ? ಹಾಡಲ್ಲಿಲ್ವಲ್ಲ.” ನಿಜ, ಅದು ನನ್ನದೇ ಸೇರ್ಪಡೆ. ಕಾಯಕ ಸೇರಿಸಬೇಡಿ ಎಂದು ಮಿತ್ರರಿಗೆ ಹೇಳಿದ ಕೈಯೇ ಕಂಬಳಿ ಸೇರಿಸಿತ್ತು. ಇಡೀ ವಾಕ್ಯ ತೆಗೆದೆ. ತೆಗೆದ ಮೇಲೆ ‘ಕಣ್ಣು ತೆರೆದ’ ಎಂಬುದರ ಮುಂದೆ ಒಂದು ಮೌನ ಉಳಿಯಿತು. ಹಾಡಿನಲ್ಲೂ ದನಿ ಅಲ್ಲಿಯೇ ನಿಲ್ಲುತ್ತದೆ.

ಕವಿ ನಮ್ಮ ಕಡೆ ತಿರುಗಿ ಆಡುವ ಮಾತನ್ನು “ಮಾನವನು ಇದನ್ನು ಅರಿಯಬೇಕು” ಎಂದು ಬರೆಯದೆ, ‘ನೀನು’ ಎಂದೇ ಕರೆದು ಬರೆದೆ. ಹಾಡಿನಲ್ಲಿ ಉಪದೇಶ ಎದುರು ಕುಳಿತವನಿಗೆ, ಊರಿಗೆಲ್ಲ ಅಲ್ಲ. ಮರ್ಯಾದೆಗೆಂದು ‘ನೀವು’ ಮಾಡಿದರೆ ಅದು ಭಾಷಣವಾಗುತ್ತದೆ. ದೇವರ ಹೆಸರು ಬರುವ ಕಡೆ ವಿವರಣೆ ತುರುಕಲಿಲ್ಲ. ‘ಷಡಕ್ಷರಿ’ ಎಂದರೆ ಆರಕ್ಷರದ ಮಂತ್ರ, ಓಂ ನಮಃ ಶಿವಾಯ ಎಂದು ಗೆರೆಯ ಕೆಳಗೆ ಬರೆದೆವು. ಹೆಸರನ್ನು ಅರ್ಥ ಮಾಡಿ ಕರೆಯುವವರಿಲ್ಲ, ಕರೆದರೆ ಸಾಕು.

ಈ ಸಂಚಿಕೆಯಿಂದ ಪ್ರತಿ ತಿಂಗಳು ಒಂದು ಹಳೆಯ ಹಾಡನ್ನು ಹೀಗೆ ಕೊಡಬೇಕೆಂದಿದ್ದೇವೆ. ಮೇಲೆ ಮೂಲ ಹಾಡು, ನಡುವೆ ಗದ್ಯ, ಗೆರೆಯ ಕೆಳಗೆ ನಮ್ಮ ಮಾತು. ಗದ್ಯವನ್ನಷ್ಟೇ ಅಚ್ಚು ಮಾಡುವುದಿಲ್ಲ, ಏಕೆಂದರೆ ಅದು ಹಾಡಿನ ಬಾಗಿಲವರೆಗೆ ಬಿಡುವ ಮೆಟ್ಟಿಲು, ಮನೆಯಲ್ಲ. ಬರೆದು ಕಳುಹಿಸುವವರು ಅಂಚೆಗೆ ಹಾಕುವ ಮುಂಚೆ ಎರಡು ಕಡೆ ಓದಿ ನೋಡಲಿ: ಹಾಡು ಬಾಯಿಪಾಠ ಬಲ್ಲವರೊಬ್ಬರ ಮುಂದೆ, ಹಾಡನ್ನೇ ಕೇಳದ ಮಗುವೊಂದರ ಮುಂದೆ. ಬಲ್ಲವರು “ಇದು ಎಲ್ಲಿಂದ ಬಂತು?” ಎಂದರೆ ನೀವು ಏನೋ ಸೇರಿಸಿದ್ದೀರಿ. ಮಗುವಿಗೆ ಏನಾಯಿತೆಂದು ಹೇಳು ಎಂದಾಗ ನೀತಿಯನ್ನಷ್ಟೇ ಒಪ್ಪಿಸಿದರೆ ನೀವು ಏನೋ ಕಳೆದಿದ್ದೀರಿ.

ಆ ಹುಡುಗನನ್ನು ಮೊನ್ನೆ ಕೇಳಿದೆ, ಕೊನೆಗೆ ಏನಾಯಿತಪ್ಪಾ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಪ ತಾತ, ಅವನು ಇನ್ನು ಹೇಗೆ ಬೇಡ್ತಾನೆ?” ಎಂದ. ನೀತಿಯನ್ನು ಹೇಳಲಿಲ್ಲ. ನಾನೂ ಹೇಳಿಕೊಡಲಿಲ್ಲ.

ಶರಣು ಶರಣಾರ್ಥಿ.

— ಸಂಪಾದಕ